ಗಂಡಸರಿಲ್ಲದ ಹಿಮ್ಮತ್ತು

ಮೇಡಂ ಅವರ ಬಲಗಣ್ಣಿನ ರೆಪ್ಪೆ ಸದಾ ಅರ್ಧ ಇಳಿಬಿದ್ದಿರುತ್ತಿತ್ತು. ಓದುವಾಗ ತೋರುಬೆರಳಿನಿಂದ ಅದನ್ನು ಎತ್ತಿ ಹಿಡಿಯುತ್ತಿದ್ದರು. ಬಿಜಾಪುರದವರು, ದೆಹಲಿಯ ಕಾಲೇಜೊಂದರಲ್ಲಿ ಪಾರಸಿ ಕಲಿಸುತ್ತಿದ್ದರು. ಎರಡು ಸಾವಿರದ ದಶಕದಲ್ಲಿ, ಸಂಶೋಧನೆಗೆಂದು ಬಂದ ನಾನು ಪೀತಮ್‌ಪುರಾದ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಭಾನುವಾರ ಕೆಳಗೆ ಕರೆದು ಸಜ್ಜಿ ರೊಟ್ಟಿ ಬಡಿಸಿ, ಬೇಕೆಂದೇ ವಾದಕ್ಕೆಳೆಯುತ್ತಿದ್ದರು. ತಾವೇ ಸೋತರೆ ಅವರಿಗೆ ಹೆಚ್ಚು ಖುಷಿ.

ಆಗ ನಾನು ನನ್ನ ಮೊದಲ ಅನುವಾದದಲ್ಲಿದ್ದೆ. ನೆರೆಹೊರೆಯವರ ಬೈಗುಳದ ನಡುವೆ ಹುಡುಗಿಯರಿಗೆ ಕಬಡ್ಡಿ ಕಲಿಸಿದ, ಘಾಜಿಯಾಬಾದಿನ ನಿವೃತ್ತ ಶಿಕ್ಷಕಿಯೊಬ್ಬರ ಹಿಂದಿ ಆತ್ಮಕಥೆ ಅದು. ಪ್ರತಿ ಪಂದ್ಯಕ್ಕೂ ಮೊದಲು ಅವರು ಹುಡುಗಿಯರಿಗೆ ಹೇಳುತ್ತಿದ್ದದ್ದು, ಪಾರಸಿಯಿಂದ ಹಿಂದಿಗೆ ಬಂದ ಒಂದು ಹಳೆಯ ಮಾತು: ‘ಹಿಮ್ಮತೆ ಮರ್ದಾಂ, ಮದದೆ ಖುದಾ’, ಅಂದರೆ ಮರ್ದರ ಹಿಮ್ಮತ್ತಿಗೆ ದೇವರ ನೆರವು. ಅದರಲ್ಲಿನ ‘ಹಿಮ್ಮತ್’ಗೆ ಧೈರ್ಯವೆಂದೂ ‘ಮರ್ದ್’ಗೆ ಗಂಡಸೆಂದೂ ಬರೆದಿದ್ದೆ. ಹುಡುಗಿಯರು ಗೆಲ್ಲಬೇಕಾದರೆ ಗಂಡಸಾಗಬೇಕು ಎಂಬಂತೆ ಕೇಳಿಸುತ್ತಿತ್ತು. ಇಡೀ ಪುಸ್ತಕ ಹೇಳುವುದಕ್ಕೆ ತೀರ ವಿರುದ್ಧ.

ಮೇಡಂ ರೆಪ್ಪೆ ಎತ್ತಿ ಓದಿ ನಕ್ಕರು. ಪಾರಸಿಯ ಸೂಫಿಗಳಲ್ಲಿ ಹಿಮ್ಮತ್ ಎಂದರೆ ಮನಸ್ಸನ್ನೆಲ್ಲ ಒಂದೇ ಗುರಿಯಲ್ಲಿ ನಿಲ್ಲಿಸುವ ಸಂಕಲ್ಪ, ಮರ್ದ್ ಎಂದರೆ ಆ ದಾರಿಯಲ್ಲಿ ಮಾಗಿದ ಜೀವ. ಸಾಧಕಿಯರನ್ನೂ ಹಾಗೆ ಕರೆದದ್ದುಂಟು ಎಂದು ವಿವರಿಸಿದರು. ಅಲ್ಲಿ ದೇವರ ನೆರವು ಕೃಪೆ. ನಾನು ಕೂಡಲೇ ‘ಸಾಧಕರ ಸಂಕಲ್ಪ’ ಎಂದು ತಿದ್ದಹೊರಟೆ. ಅವರು ನನ್ನ ಪೆನ್ನು ಹಿಡಿದು ತಡೆದರು.

“ಅದು ಹುಟ್ಟಿದ ಊರಿನ ಅರ್ಥ, ಮಗಳೆ. ಈ ಟೀಚರ್ ಬಾಯಾಗ ಏನಾಗೇದ, ಆಕೀನ್ನ ಕೇಳೋಣು.”

ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಘಾಜಿಯಾಬಾದಿಗೆ ಹೋದೆವು. ಲೇಖಕಿ ಚಹಾ ಕೊಟ್ಟರು. ಸೂಫಿಗಳ ಸಂಗತಿ ಅವರಿಗೆ ಹೊಸದೇನಲ್ಲ; ಆದರೆ ಮೈದಾನದಲ್ಲಿ ಆ ಮಾತಿಗೆ ಬೇರೆ ಕೆಲಸವಿತ್ತು ಎಂದರು. ಮರ್ದ್ ಎಂಬುದು ಇಲ್ಲಿ ಗಂಡಸಾಗಿಬಿಟ್ಟಿದೆ, ಅದಕ್ಕೇ ಆ ಪದ ಬಂದಾಗ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು, ಆ ನಗುವಿನಲ್ಲೇ ಭಯ ಹೋಗುತ್ತಿತ್ತು. ದೇವರ ನೆರವೆಂದರೆ ಅವರಿಗೆ ಅದೃಷ್ಟ: ಎದುರಾಳಿಯ ಕಾಲು ಜಾರುವುದು, ಉಸಿರು ಒಂದು ಗಳಿಗೆ ಹೆಚ್ಚು ನಿಲ್ಲುವುದು. ಅಂಕಣಕ್ಕೆ ಇಳಿಯದವಳಿಗೆ ಅದು ಬಂದರೂ ಉಪಯೋಗವಿಲ್ಲ.

ವಾಪಸಾಗುತ್ತ ಬಸ್ಸಿನಲ್ಲೇ ವಾಕ್ಯ ಕಟ್ಟಿದೆವು. ‘ದೇವರು’ ಎಂದರೆ ಕನ್ನಡದ ಹುಡುಗಿಯರು ಹರಕೆ ಹೊರಬೇಕೇನೋ ಅಂದುಕೊಂಡಾರು ಎಂದೆ ನಾನು. ‘ದೈವ’ ಅಂದರೆ ದೇವರೂ ಹೌದು, ಅದೃಷ್ಟವೂ ಹೌದು ಎಂದರು ಮೇಡಂ. ಕೊನೆಗೆ ಹೀಗಾಯಿತು: ‘ನೀನು ಅಂಕಣಕ್ಕೆ ಇಳಿ, ಹುಡುಗಿ, ದೈವಕ್ಕೂ ನಿನ್ನ ಬಳಿ ಬರಲು ದಾರಿ ಬೇಕು.’ ನಗು ಮಾತ್ರ ತಪ್ಪಿಹೋಗಿತ್ತು. ಅದಕ್ಕೆ ಮೇಡಂ, “ಇರಲಿ ಬಿಡು, ನಮ್ಮ ಹುಡುಗ್ಯಾರು ಬ್ಯಾರೆ ಎಲ್ಲ್ಯಾರ ನಗ್ತಾರ” ಎಂದರು.

ನಿವೃತ್ತರಾಗಿ ಬಿಜಾಪುರಕ್ಕೆ ಮರಳಿದ ಮೇಡಂ ಅಲ್ಲಿಯೇ ತಂಗಿಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಆಮೇಲೆ ನಾನು ಅನೇಕ ಪುಸ್ತಕ ಅನುವಾದಿಸಿದ್ದೇನೆ. ಈಗಲೂ ಒಂದು ಮಾತು ಸಿಕ್ಕಿಹಾಕಿಕೊಂಡರೆ ನಿಘಂಟು ನೋಡಿ ಅಷ್ಟಕ್ಕೇ ಬಿಡುವುದಿಲ್ಲ. ಅದನ್ನು ಆಡಿದವರ ಮನೆ ಹುಡುಕಿಕೊಂಡು ಹೋಗುತ್ತೇನೆ.