ಬದಲಿ ಸೀರೆಯ ಬಾಬ್ತು

ಗಂಡ ತೀರಿಕೊಂಡ ಮೇಲೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯ ಗದ್ದಿಗೆಯಲ್ಲಿ ಕೂತವಳು ಉಚ್ಚಂಗೆಮ್ಮ. ಹೆಂಗಸಿನ ವ್ಯಾಪಾರ ಎಷ್ಟು ದಿನ ಎಂದವರೆಲ್ಲ ಆಮೇಲೆ ಬಾಯಿ ಮುಚ್ಚಿಕೊಂಡರು, ಬಿಡಿ. ಮೈದುನ ಮುರುಗೇಂದ್ರಪ್ಪ ಪಾಲುದಾರ. ಅಂಗಡಿಯ ಮಾತು ಒಂದೇ: ವರ್ಷದೊಳಗೆ ಬಣ್ಣ ಬಿಟ್ಟರೆ ಬದಲಿ ಸೀರೆ.

ಆ ಮಾತಿಗೂ ಖರ್ಚುಂಟು ಎಂದು ಗಂಡ ಕಲಿಸಿ ಹೋಗಿದ್ದ. ಇಪ್ಪತ್ತಕ್ಕೆ ಒಂದು ಸೀರೆ ವಾಪಸು ಬರುತ್ತದೆಂದು ಹಿಡಿದು, ಮಾರಿದಾಗಲೇ ಅದರ ಖರ್ಚನ್ನು ಲಾಭದಿಂದ ಕಳೆದು 'ಬದಲಿ ಬಾಬ್ತು' ಎಂದು ಎತ್ತಿಡಬೇಕು. ಸೀರೆ ವಾಪಸು ಬಂದಾಗ ಅದರಲ್ಲೇ ತೀರಿಸಬೇಕು.

ದೀಪಾವಳಿಗೆ ಲೆಕ್ಕ ಮುಗಿಸುವಾಗ ಮುರುಗೇಂದ್ರಪ್ಪ ರಾಗ ತೆಗೆದ. "ಅತ್ತಿಗೆ, ಮದುವಿ ಕಾಲದಾಗೆ ಮಾರಿದ್ದು, ಒಬ್ರೂ ಬಂದಿಲ್ಲ. ಎತ್ತಿಟ್ಟಿದ್ದನ್ನ ಹಂಚ್ಕೊಳ್ಳಾನ."

"ಗಡುವು ಮುಗೀಲಿ. ಆಗ ಉಳಿದ್ರೆ ಲಾಭ. ಅಲ್ಲೀತನಕ ಅದು ನಮ್ದಲ್ಲ."

ಗತ್ತಿನಿಂದ ಹೇಳಿದಳೇನೋ ನಿಜ. ಆಮೇಲೆ ಒಂದು ಸಂಗತಿ ನೆನಪಾಯಿತು. ಆ ಸಲದ ಮದುವೆ ಸೀರೆಗಳಿಗೆ, ನೀರಿಗೆ ನಿಲ್ಲುವ ಅರಗಿನ ಕೆಂಪು ಬಿಟ್ಟು, ಅಗ್ಗವೆಂದು ಮದರಾಸಿನ ಡಬ್ಬಿ ಬಣ್ಣ ಹಾಕಿಸಿದ್ದರು. ಎತ್ತಿಟ್ಟದ್ದು ಮಾತ್ರ ಹಳೆ ರೂಢಿಯಂತೆ ಇಪ್ಪತ್ತಕ್ಕೆ ಒಂದೇ! ಹೊಸ ಬಣ್ಣಕ್ಕೆ ಹಳೆ ಅಂದಾಜು. ಇಂಥ ಪೆದ್ದುತನಕ್ಕೆ ಏನನ್ನಬೇಕು? ಅಂದಿನಿಂದ ಅವಳಿಗೆ ಅನ್ನ ರುಚಿಸಲಿಲ್ಲ. ಬಾಗಿಲಲ್ಲಿ ಗಾಡಿ ನಿಂತರೆ ಗಿರಾಕಿಯ ಮುಖಕ್ಕಿಂತ ಮೊದಲು ಕಂಕುಳಲ್ಲಿರುವ ಗಂಟನ್ನು ನೋಡುವಳು.

ಸಂಕ್ರಾಂತಿ ಕಳೆದು, ಪೆಟ್ಟಿಗೆಯಲ್ಲಿದ್ದ ಮದುವೆ ಸೀರೆಗಳು ಮೊದಲ ಸಲ ನೀರು ಕಂಡವು. ಗೌರಸಮುದ್ರದಿಂದ ಒಂದು ಬಂತು, ನನ್ನಿವಾಳದಿಂದ ಒಂದು, ಹಾಗೇ ಇನ್ನಷ್ಟು. ಅರಗಿನ ಬಣ್ಣದ ಹಳೆ ದಾಸ್ತಾನು ಕೊಟ್ಟು ಬಾಬ್ತಿನಲ್ಲಿ ಕಳೆಯುತ್ತ ಹೋದಳು. ಬಾಬ್ತೂ ಮುಗಿಯಿತು, ದಾಸ್ತಾನೂ ಮುಗಿಯಿತು.

ಆಗ ತಳಕಿನ ಹುಚ್ಚಕ್ಕ ಬಂದಳು. ಕೂಲಿ ಕೂಡಿಟ್ಟು ಸೊಸೆಗೆ ಕೊಂಡಿದ್ದ ಸೀರೆಯನ್ನು ಬಿಚ್ಚಿಟ್ಟಳು. ಅಂಚಿನ ಕೆಂಪು ಒಡಲಿಗೆಲ್ಲ ಹರಿದಿತ್ತು.

"ಎತ್ತಿಟ್ಟಿದ್ದು ಖಾಲಿ ಆತು ಅಂತ ಹೇಳಿ ಕಳಿಸ್ರಿ ಅತ್ತಿಗೆ," ಎಂದು ಮುರುಗೇಂದ್ರಪ್ಪ ಪಿಸುಗುಟ್ಟಿದ.

"ಖಾಲಿ ಆಗಿದ್ದು ನಮ್ಮ ಅಂದಾಜು. ಕೊಟ್ಟ ಮಾತು ಹಂಗೇ ಐತೆ. ಇದನ್ನ ಈ ವರ್ಷದ ಲಾಭದಾಗೆ ಕಳಿ. ಇನ್ನೂ ಬರೋರಿಗೆ ಅಂತ ಈಗ್ಲೇ ಇನ್ನಷ್ಟು ಎತ್ತಿಡು. ತಪ್ಪು ನಂದು, ನನ್ನ ಪಾಲಿನಾಗೆ ಹಿಡ್ಕ."

ಬದಲಿ ಕೊಡುವುದು ಎಲ್ಲಿಂದ? ಅಂಗಡಿಯಲ್ಲಿದ್ದುದೆಲ್ಲ ಡಬ್ಬಿ ಬಣ್ಣದ್ದೇ. ಅರಗಿನ ಕೆಂಪಿನದು ಒಂದೇ ಇತ್ತು, ಮಗಳು ಯರ್ರಮ್ಮನ ಮದುವೆಗೆಂದು ಮಗ್ಗದಿಂದ ಆಗಷ್ಟೇ ಇಳಿಸಿದ್ದು. ಉಚ್ಚಂಗೆಮ್ಮ ಒಳಗೆ ಹೋದಳು. ಆ ಸೀರೆಯಿದ್ದ ಪೆಟ್ಟಿಗೆಯ ಮುಂದೆ ನಿಂತಳು. ಯರ್ರಮ್ಮ ಅವ್ವನ ಮುಖ ನೋಡಿ ತಾನೇ ಸೀರೆ ಮಡಿಸಿ ಕೊಟ್ಟಳು.

ವೈಶಾಖದಲ್ಲಿ ಯರ್ರಮ್ಮ, ಹುಚ್ಚಕ್ಕ ಬಿಟ್ಟುಹೋದ ಸೀರೆಗೇ ಮತ್ತೆ ಬಣ್ಣ ಹಾಕಿಸಿ ಉಟ್ಟು ಹಸೆಗೆ ಕೂತಳು. ಕಲೆ ಪೂರ್ತಿ ಹೋಗಿರಲಿಲ್ಲ. ಅದು ಕಾಣದ ಹಾಗೆ ಉಚ್ಚಂಗೆಮ್ಮ ತನ್ನ ಕೈಯಾರೆ ನೆರಿಗೆ ಹಿಡಿದಿದ್ದಳು.