ಮುರುಗೇಶಪ್ಪನವರ ಆಕಾಶ

ಹೊನ್ನಾಳಿಯಲ್ಲಿ ಸ್ಟುಡಿಯೋ ಇಟ್ಟಿದ್ದ ತಿಪ್ಪೇಶಪ್ಪನಿಗೆ ಫೋಟೋದಲ್ಲಿ ಖಾಲಿ ಆಕಾಶ ಕಂಡರೆ ಆಗುತ್ತಿರಲಿಲ್ಲ. 1979ರಲ್ಲಿ ರೈಸ್‌ಮಿಲ್ಲಿನ ಮುರುಗೇಶಪ್ಪನವರು ಕ್ಯಾಲೆಂಡರಿಗೆಂದು ಫೋಟೋ ತೆಗೆಸಿದರು. ನಾಲ್ಕು ತಾಲ್ಲೂಕಿನ ಅಂಗಡಿಗಳಲ್ಲಿ ನೇತಾಡುವ ಚಿತ್ರ, ತಿಪ್ಪೇಶಪ್ಪನಿಗೆ ಮಾನದ ಪ್ರಶ್ನೆ. ಎಡಕ್ಕೆ ಮಿಲ್ಲು, ಅದರ ಮುಂದೆ ಸಾಹುಕಾರರು. ಬಲಕ್ಕೆ ಒಣಹಾಕಿದ ಭತ್ತ, ಮೇಲೆ ಬರೀ ಬಿಳಿ. ಚಿತ್ರ ಎಡಕ್ಕೆ ವಾಲಿದಂತಿತ್ತು. ಡಾರ್ಕ್‌ರೂಮಿನಲ್ಲಿ ಮೋಡದ ನೆಗೆಟಿವ್ ಸೇರಿಸಿ ಪ್ರಿಂಟು ಹಾಕಿದ.

“ಭತ್ತ ಒಣಗಾಕೆ ಹಾಕೀವಿ, ನೀವು ಮೋಡ ತಂದೀರಿ. ನೆನೆದ ಅಕ್ಕಿ ಅಂದ್ಕೊಳ್ಳಲ್ವೇನ್ರೀ ಜನ?” ಎಂದರು ಮುರುಗೇಶಪ್ಪನವರು.

ತಿಪ್ಪೇಶಪ್ಪ ಮೋಡ ತೆಗೆದು ಕುಂಚದಿಂದ ಹಕ್ಕಿಗಳನ್ನು ಬರೆದ.

“ಭತ್ತ ತಿನ್ನಾಕೆ ಇವನ್ನ ಯಾಕೆ ಕರೆದ್ರಿ?”

“ಹಂಗಾದ್ರೆ ಖಾಲಿ ಬಿಡ್ಲೇನ್ರೀ?”

“ಬಡವರ ಆಕಾಶ ಇದ್ದಂಗೆ ಐತಲ್ರೀ ಅದು.”

ತಿಪ್ಪೇಶಪ್ಪ ಹಲ್ಲು ಕಚ್ಚಿಕೊಂಡು, ಹಳೇ ಪತ್ರಿಕೆಯಿಂದ ಬಿಸಿಗಾಳಿಯ ಬಲೂನೊಂದನ್ನು ಕತ್ತರಿಸಿ ಬಲಗಡೆ ಅಂಟಿಸಿ, ಅದನ್ನೇ ಮತ್ತೆ ಫೋಟೋ ತೆಗೆದ. ಚಿತ್ರದ ತೂಕ ಸರಿಹೋಯಿತು. ಮುರುಗೇಶಪ್ಪನವರು ಬಲೂನಿನ ಬುಟ್ಟಿಯನ್ನು ದಿಟ್ಟಿಸಿದರು.

“ನನಗಿಂತ ಮ್ಯಾಲೆ ನಿಂತಾನಲ್ಲ, ಯಾರ್ರೀ ಇವನು? ಅವನ್ನ ಇಳಿಸಿ ನನ್ನ ಕೂರಿಸ್ರಿ.”

ಹೀಗೆ ಕ್ಯಾಲೆಂಡರಿನಲ್ಲಿ ಇಬ್ಬರು ಮುರುಗೇಶಪ್ಪನವರಾದರು. ಕೆಳಗಿನವರು ಭತ್ತ ಕಾಯುತ್ತಿದ್ದರು, ಮೇಲಿನವರು ಕೆಳಗಿನವರನ್ನು ಕಾಯುತ್ತಿದ್ದರು. ತಿಂಗಳೊಳಗೆ ಚನ್ನಗಿರಿ, ನ್ಯಾಮತಿ, ಜಗಳೂರಿನ ಸಾಹುಕಾರರೆಲ್ಲ ಸ್ಟುಡಿಯೋಕ್ಕೆ ಬಂದು ಕೂತರು. ಎಲ್ಲರದೂ ಒಂದೇ ಹಟ: “ನಮ್ಮ ಬಲೂನು ಅವರದಕ್ಕಿಂತ ಒಂಚೂರು ಮ್ಯಾಲಿರ್ಲಿ.”