ಒಂಟೆಯ ಪಾಠ

ಜೈನಾಪುರದ ಏಕೋಪಾಧ್ಯಾಯ ಶಾಲೆಯಲ್ಲಿ ನಾಲ್ಕು ವರ್ಗಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುತ್ತಿದ್ದ ನನ್ನನ್ನು, ಕಲಿಸುವುದನ್ನು ಕಲಿಯಲೆಂದು ವಿಜಾಪುರದ ಟ್ರೇನಿಂಗ್ ಶಾಲೆಗೆ ಕಳಿಸಿದರು. ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಅದು ನಲವತ್ತರ ದಶಕದ ಮಾತು.

ಮಗುವಿನ ಮನಸ್ಸಿನ ಬಗ್ಗೆ ಅಲ್ಲಿ ದಿನಾಲೂ ಉಪನ್ಯಾಸ. ನಾವು ಪಾಠ ಮಾಡಿ ಕಲಿಯಲೆಂದೇ ಇದ್ದ ಪಕ್ಕದ ಅಭ್ಯಾಸ ಶಾಲೆಯ ಮಕ್ಕಳ ಗದ್ದಲ ಕೇಳಿಸುತ್ತದೆಂದು ಉಪನ್ಯಾಸಕರು ಮೊದಲು ಕಿಟಕಿ ಮುಚ್ಚಿಸುತ್ತಿದ್ದರು! ಸಿದ್ಧತೆ, ನಿರೂಪಣೆ, ತುಲನೆ, ನಿಯಮ, ಅನ್ವಯ: ಪಾಠಕ್ಕೆ ಐದು ಮೆಟ್ಟಿಲು. ಒಂದು ದಿನ ನಾನು ಎದ್ದು ಕೇಳಿದೆ.

"ಮೂರನೇ ವರ್ಗದವರನ್ನ ಮೆಟ್ಟಲಾ ಹತ್ತಿಸೂವಾಗ ಒಂದನೇ ವರ್ಗದವರು ಏನ್ ಮಾಡಬೇಕ್ರಿ, ಸರ?"

"ಅದು ನಿಮ್ಮ ಸಾಲಿ ವ್ಯವಸ್ಥಾ. ನಾವು ಕಲಿಸೂದು ಶಾಸ್ತ್ರ. ಕುಂದರ್ರಿ."

ಈಜು ಬಾರದವನು ದಂಡೆಯ ಮೇಲೆ ನಿಂತು ಈಜು ಕಲಿಸಿದ ಹಾಗೆ. ಕುಳಿತೆ.

ವರ್ಷದ ಕೊನೆಗೆ ಪರೀಕ್ಷಕರ ಎದುರು ಅಭ್ಯಾಸ ಶಾಲೆಯ ಮೂರನೆಯ ವರ್ಗಕ್ಕೆ ಪಾಠ ಮಾಡಬೇಕಿತ್ತು. ಎಲ್ಲರೂ ಒಂಟೆಯ ಪಾಠವನ್ನೇ ಆರಿಸುತ್ತಿದ್ದರು, ಏಕೆಂದರೆ ಶಾಲೆಯಲ್ಲಿ ಒಂಟೆಯದೊಂದು ಚಿತ್ರಪಟವಿತ್ತು. ನನ್ನದೂ ಒಂಟೆಯೇ. ವರ್ಗಕ್ಕೆ ಕಾಲಿಡುತ್ತಲೇ ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಕೇಳಿದಳು:

"ಗುರುಗಳ, ಇವತ್ತ ತಪ್ಪು ಉತ್ತರ ಯಾರು ಹೇಳಬೇಕ್ರಿ?"

ತಪ್ಪನ್ನು ತಿದ್ದಿ ತೋರಿಸಿದರೆ ಪರೀಕ್ಷಕರು ಮೆಚ್ಚುತ್ತಿದ್ದರು. ಅದಕ್ಕೆ ತಪ್ಪು ಹೇಳುವವರನ್ನೂ ಮೊದಲೇ ಗೊತ್ತುಮಾಡಿ ಇಡುವ ಪದ್ಧತಿ. ನನಗೆ ಮೈಯೆಲ್ಲ ಉರಿದು ಹೋಯಿತು. ಬಾಗಿಲ ಬಳಿ ಸರದಿ ಕಾಯುತ್ತಿದ್ದ ತಿಕೋಟಾದ ಗೆಳೆಯ ನನ್ನ ಮುಖ ನೋಡಿಯೇ ಗಾಬರಿಯಾದ.

"ಯಪ್ಪಾ, ಸುಮ್ನ ಒಂಟಿ ಕಲಿಸಿ ಪಾಸಾಗೋ. ಊರಿಗೆ ಹೋದ ಮ್ಯಾಲ ನಿನ್ನ ಯಾರ ಕೇಳ್ತಾರ?"

ಪರೀಕ್ಷಕರು ಬಂದು ಕುಳಿತರು. ನಾನು ಒಂಟೆಯ ಪಾಠ ಓದಿಸಿದೆ. ಮಕ್ಕಳು ಪುಸ್ತಕ ನೋಡದೆಯೇ ಗಡಗಡನೆ ಒಪ್ಪಿಸಿದರು. ಆಮೇಲೆ ಅವರಿಗೆ ಯಾರೂ ಮಾಡಿರದ, ಪುಸ್ತಕದ ಕೊನೆಯ ಕಡೆಯ ಒಂದು ಪಾಠ ತೆಗೆಸಿದೆ. ಮೊದಲ ಸಾಲನ್ನು ಸರಿಯಾಗಿ ಓದಿದವರು ಮೂವರೋ ನಾಲ್ವರೋ. ಉಳಿದವರಿಗೆ ಒತ್ತಕ್ಷರವೇ ತಿಳಿಯದು. ಚಿತ್ರಪಟ ಸುತ್ತಿಟ್ಟು ಹಲಗೆಯ ಮೇಲೆ ಒತ್ತಕ್ಷರ ಬರೆದೆ. ಜೈನಾಪುರದಲ್ಲಿ ಮಾಡುತ್ತಿದ್ದಂತೆ, ಓದು ಬರುವವರನ್ನು ಬಾರದವರ ಪಕ್ಕ ಕೂರಿಸಿದೆ. ಗಂಟೆ ಬಾರಿಸುವ ಹೊತ್ತಿಗೆ ತಪ್ಪು ಉತ್ತರದ ಬಗ್ಗೆ ಕೇಳಿದ್ದ ಆ ಹುಡುಗಿ ಒಂದು ಸಾಲನ್ನು ತಾನಾಗಿಯೇ ಓದಿ ನಕ್ಕಳು.

"ನಿಮ್ಮ ಪಾಠ ಎರಡನೇ ಮೆಟ್ಟಲಾ ಸೈತ ಮುಗೀಲಿಲ್ಲಲ್ಲ," ಎಂದರು ಪರೀಕ್ಷಕರು.

"ಇವರಿಗೆ ಓದಾಕ ಬರೂದಿಲ್ರಿ, ಸಾಹೇಬ್ರ."

"ಅವರ ಪರೀಕ್ಷಾ ತಗೊಳ್ಳಾಕ ನಾ ಬಂದಿಲ್ಲ."

ಗೆಳೆಯ ಒಂಟೆ ಕಲಿಸಿ ಪಾಸಾಗಿ ತಿಕೋಟಾಕ್ಕೆ ಹೋದ. ನನ್ನನ್ನು ನಪಾಸು ಮಾಡಿದರು, ನೌಕರಿ ಹೋಯಿತು. ಅದೇ ತಿಂಗಳು ಆ ಮೂರನೆಯ ವರ್ಗವನ್ನು ಇಡಿಯಾಗಿ ಪಾಸು ಮಾಡಿ ನಾಲ್ಕನೆಯದಕ್ಕೆ ಹಾಕಿದರು.